ಪ್ರ: ಗಣಿತದಲ್ಲಿ ಮೂರು ಸಲ ಫೇಲಾದ ತಮ್ಮನಿಗೆ ಸುಲಭದ ಲೆಕ್ಕ ಕೊಟ್ಟರೆ ಧೈರ್ಯ ಬರುತ್ತಾ?

“ಪಿಯುಸಿ ಗಣಿತದಲ್ಲಿ ಮೂರು ಸಲ ಫೇಲ್. ‘ನನ್ ತಲೆಗೆ ಹತ್ತಲ್ಲ’ ಅಂತ ಪುಸ್ತಕ ಮುಟ್ಟಲ್ಲ. ಸುಲಭದ ಲೆಕ್ಕ ಮಾಡಿಸಿದ್ರೆ ಧೈರ್ಯ ಬರುತ್ತಾ?”

ಬರೀ ಸುಲಭದ ಲೆಕ್ಕ ಸಾಲದು. 1975ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ಯಾರಲ್ ಡ್ವೆಕ್ ಇದನ್ನೇ ಪರೀಕ್ಷಿಸಿದರು. ಸೋತ ಕೂಡಲೇ ಕೈಚೆಲ್ಲುವ 12 ಮಕ್ಕಳಲ್ಲಿ ಅರ್ಧ ಮಕ್ಕಳಿಗೆ ಬರೀ ಗೆಲುವು ಕೊಟ್ಟರು. ಉಳಿದವರಿಗೆ ಆಗಾಗ ಸೋಲೂ ಇತ್ತು, ಆದರೆ ಪ್ರತಿ ಸಲ “ಪ್ರಯತ್ನ ಸಾಲಲಿಲ್ಲ” ಎಂದು ಕಾರಣ ಹೇಳುತ್ತಿದ್ದರು. ಆಮೇಲೆ ಸೋಲು ಎದುರಾದಾಗ ಮೊದಲ ಗುಂಪು ಮತ್ತೆ ಕುಸಿಯಿತು, ಎರಡನೆಯದು ತಡೆದುಕೊಂಡಿತು.

“ತಲೆಗೆ ಹತ್ತಲ್ಲ” ಅನ್ನೋ ಕಾರಣ ಎಂದೂ ಬದಲಾಗದ್ದು. ಹಾಗಿದ್ದ ಮೇಲೆ ಓದಿ ಏನು ಪ್ರಯೋಜನ ಅನ್ನಿಸುತ್ತೆ, ಅಲ್ವಾ? ಅದು ಸೋಮಾರಿತನ ಅಲ್ಲ.

ದಾವಣಗೆರೆಯಲ್ಲಿ ನನ್ನ ಹತ್ತಿರ ಟ್ಯೂಷನ್‌ಗೆ ಬರುತ್ತಿದ್ದ ಹುಡುಗನೂ ಹೀಗೇ ಅಂತಿದ್ದ. ಅವನ ಉತ್ತರಪತ್ರಿಕೆಯ ನಕಲು ತರಿಸಿ, ಜೊತೆಗೆ ಕೂತು ನೋಡಿದೆವು. 5 − (2x − 3) ಬಿಡಿಸುವಾಗ 5 − 2x − 3 ಅಂತ ಬರೆದಿದ್ದ. ಕೊನೆಗೆ + 3 ಆಗಬೇಕಿತ್ತು. ಇದೇ ತಪ್ಪು ನಾಲ್ಕು ಕಡೆ! ಅವನೇ ಕೆಂಪು ಪೆನ್ನಲ್ಲಿ ಸುತ್ತು ಹಾಕಿದ. “ತಲೆ” ಹೋಗಿ “ಬ್ರಾಕೆಟ್” ಬಂತು. ಬ್ರಾಕೆಟ್ ಕಲಿಯಬಹುದು.

ಒಂದು ಎಚ್ಚರ. ನಿಜವಾಗಿ ಕಷ್ಟಪಟ್ಟು ಓದಿದವನಿಗೆ “ಇನ್ನೂ ಓದು” ಅನ್ನಬೇಡಿ, “ಓದಿದರೂ ಆಗಲಿಲ್ಲ, ನಾನು ದಡ್ಡನೇ” ಅಂದುಕೊಳ್ಳುತ್ತಾನೆ. ಅಂಥವನಿಗೆ ಓದುವ ರೀತಿಯಲ್ಲಿ ತಪ್ಪೆಲ್ಲಿದೆ ಅಂತ ತೋರಿಸಿ. ಸುಲಭದ ಲೆಕ್ಕಗಳ ನಡುವೆ ಒಂದೆರಡು ಕಷ್ಟದ್ದೂ ಇರಲಿ. ತಪ್ಪಿದಾಗ “ಯಾವ ಸಾಲಲ್ಲಿ ತಪ್ಪಿತು?” ಅಂತಷ್ಟೇ ಕೇಳಿ.