ಅಜ್ಜಿಯ ವಿಡಿಯೊಗೆ ಸುರಿದ ಮೂರು ಸಾವಿರ

(ಗುರುತು ಸಿಗದಂತೆ ಊರು, ವಹಿವಾಟಿನ ವಿವರಗಳನ್ನು ಬದಲಿಸಿದ್ದೇನೆ.)

ಉತ್ತರ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡಿ ಮಾರುವ ಅಕ್ಕ ಅವರು. ಮನೆಯಲ್ಲಿಯೇ ತಯಾರಿಕೆ, ಜೊತೆಗೆ ಇಬ್ಬರು ಕೆಲಸದವರು. ಇನ್‌ಸ್ಟಾಗ್ರಾಂ ಖಾತೆ ನೋಡಿಕೊಳ್ಳುವುದು ಅವರ ತಂಗಿಯ ಮಗ. ಜಾಹೀರಾತಿನ ಸಲಹೆ ಕೇಳಿ ನನ್ನ ಬಳಿಗೆ ಬಂದಾಗ ಇಬ್ಬರ ಮುಖದಲ್ಲೂ ಮೋಸ ಹೋದವರ ಕಳೆಯಿತ್ತು.

"ಮೇಡಂ, ಒಂದು ಲಕ್ಷ ಹತ್ತು ಸಾವಿರ ಜನ ನೋಡಿದ ವಿಡಿಯೊ ಅದು. ಅದಕ್ಕೇ ದುಡ್ಡು ಹಾಕಿದೆವು. ಬಂದದ್ದು ಮೂರೇ ಆರ್ಡರ್" ಎಂದರು ಅಕ್ಕ.

ವಿಡಿಯೊದಲ್ಲಿ ಅವರ ಎಂಬತ್ತು ದಾಟಿದ ಅತ್ತೆ ಒರಳಲ್ಲಿ ಶೇಂಗಾ ಕುಟ್ಟುತ್ತಾ, ಕ್ಯಾಮೆರಾ ಹಿಡಿದ ಹುಡುಗನನ್ನು ಗದರಿಸುತ್ತಾರೆ. ಚೆನ್ನಾಗಿಯೇ ಇದೆ, ನಾನೂ ಎರಡು ಸಲ ನೋಡಿದೆ. ಅದು ತಾನಾಗಿ ಓಡುತ್ತಿರುವುದನ್ನು ಕಂಡು ಹುಡುಗ ಕೆಳಗಿದ್ದ, ದುಡ್ಡು ಕೊಟ್ಟು ಪೋಸ್ಟನ್ನು ಇನ್ನಷ್ಟು ಜನರಿಗೆ ತೋರಿಸುವ ಬೂಸ್ಟ್ ಗುಂಡಿ ಒತ್ತಿದ್ದ. ಗುರಿ 'ಪ್ರೊಫೈಲ್ ಭೇಟಿ', ಪ್ರೇಕ್ಷಕರು 'ಸ್ವಯಂಚಾಲಿತ', ನಾಲ್ಕು ದಿನಕ್ಕೆ 3,000 ರೂಪಾಯಿ. ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಸೇರಿ 3,540. ಪ್ರೊಫೈಲ್‌ಗೆ ಎರಡೂವರೆ ಸಾವಿರಕ್ಕೂ ಹೆಚ್ಚು ಭೇಟಿ ಬಂದಿದ್ದವು, ಹೊಸ ಹಿಂಬಾಲಕರೂ ಬಂದಿದ್ದರು. ಕೇಳಿದ್ದನ್ನು ಆ್ಯಪ್ ಕೊಟ್ಟಿತ್ತು. ಕೇಳಿದ್ದೇ ಬೇರೆ, ಬೇಕಾಗಿದ್ದದ್ದೇ ಬೇರೆ.

ನಾನು ಮೊದಲು ಆ ವಿಡಿಯೊದ ಕಮೆಂಟುಗಳನ್ನು ಓದಿಸಿದೆ. "ಅಜ್ಜಿ ನೂರು ವರ್ಷ ಬಾಳಲಿ", ಕೈಮುಗಿಯುವ ಚಿತ್ರಗಳು, ಹಿಂದಿಯಲ್ಲಿ ಹೊಗಳಿಕೆ, ಮರಾಠಿಯಲ್ಲಿ ಹೊಗಳಿಕೆ. ಬೆಲೆ ಕೇಳಿದವರು ನೂರಕ್ಕೆ ಒಬ್ಬರೂ ಇಲ್ಲ. ಜನ ಅಜ್ಜಿಯನ್ನು ಮೆಚ್ಚಿದ್ದರು, ಚಟ್ನಿಯನ್ನಲ್ಲ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸ್ವಯಂಚಾಲಿತ ಪ್ರೇಕ್ಷಕರೆಂದರೆ ಈಗಿರುವ ಹಿಂಬಾಲಕರನ್ನು ಹೋಲುವ ಜನ. ವಿಡಿಯೊ ಓಡಿದ ವಾರದಲ್ಲಿ ಹಿಂಬಾಲಕರ ಪಟ್ಟಿಯಲ್ಲಿ ಅಜ್ಜಿಯ ಅಭಿಮಾನಿಗಳೇ ತುಂಬಿದ್ದರು. ಅಂಥವರನ್ನೇ ಇನ್ನಷ್ಟು ಹುಡುಕಿ ತರಲು ಇವರು ದುಡ್ಡು ಕೊಟ್ಟಂತಾಯಿತು.

"ಹಾಗಾದರೆ ಬೂಸ್ಟ್ ಮಾಡಲೇಬಾರದೇ?" ಎಂದ ಹುಡುಗ.

ಹಿಂದಿನ ಎರಡು ತಿಂಗಳ ಪೋಸ್ಟುಗಳನ್ನು ಒಂದೊಂದಾಗಿ ತೆರೆಯಲು ಹೇಳಿದೆ. ಅಜ್ಜಿಯದನ್ನು ಬಿಟ್ಟರೆ ಅವರ ಪೋಸ್ಟುಗಳು ಸಾಮಾನ್ಯವಾಗಿ ಮೂರು, ಮೂರೂವರೆ ಸಾವಿರ ವೀಕ್ಷಣೆಗೆ ನಿಲ್ಲುತ್ತವೆ. ನಡುವೆ ಒಂದು ಒಂಬತ್ತು ಸಾವಿರ ದಾಟಿತ್ತು. ನಲವತ್ತು ಸೆಕೆಂಡಿನ ರೀಲ್, ಅದರಲ್ಲಿ ಅಕ್ಕನ ಕೈಗಳು ಮಾತ್ರ ಕಾಣುತ್ತವೆ. "ನಮ್ಮ ಕಡೆಯ ಖಡಕ್ ರೊಟ್ಟಿ ಬೆಂಗಳೂರಿಗೆ ಮುರಿಯದೆ ಹೋಗುವುದು ಹೇಗೆ, ನೋಡಿ" ಎಂದು ಶುರುಮಾಡಿ, ಇಪ್ಪತ್ತು ರೊಟ್ಟಿಯ ಕಟ್ಟನ್ನು ಬಟರ್ ಪೇಪರಿನಲ್ಲಿ ಸುತ್ತಿ, ಕೆಳಗೂ ಮೇಲೂ ದಪ್ಪ ರಟ್ಟಿಟ್ಟು, ಡಬ್ಬಿಯ ಸಂದಿಗಳಿಗೆ ಕಾಗದದ ಉಂಡೆ ತುರುಕುತ್ತಾರೆ. ಕೊನೆಗೆ ಡಬ್ಬಿಯನ್ನು ಸೊಂಟದೆತ್ತರದಿಂದ ನೆಲಕ್ಕೆ ಬೀಳಿಸಿ, ಬಿಚ್ಚಿ ತೋರಿಸುತ್ತಾರೆ.

ಅದರ ಲೈಕ್‌ಗಳು ಅಷ್ಟಕ್ಕಷ್ಟೇ. ಆದರೆ 210 ಜನ ಅದನ್ನು ಉಳಿಸಿಟ್ಟುಕೊಂಡಿದ್ದರು, 160 ಜನ ಇನ್ನೊಬ್ಬರಿಗೆ ಕಳಿಸಿದ್ದರು. 38 ಕಮೆಂಟುಗಳಲ್ಲಿ ಹೆಚ್ಚಿನವು ಪ್ರಶ್ನೆಗಳು: "ವೈಟ್‌ಫೀಲ್ಡ್‌ಗೆ ಕಳಿಸುತ್ತೀರಾ?", "ಎಷ್ಟು ದಿನ ಇಡಬಹುದು?", "ಹಾಸ್ಟೆಲ್‌ನಲ್ಲಿರುವ ಮಗನಿಗೆ ಬೇಕು".

ನನ್ನ ಮಟ್ಟಿಗೆ ಬೂಸ್ಟ್‌ಗೆ ಅರ್ಹವಾದದ್ದು ಇದು. ಲೈಕ್ ಒತ್ತುವುದಕ್ಕೆ ಬೆರಳೊಂದೇ ಸಾಕು. ಉಳಿಸಿಟ್ಟುಕೊಳ್ಳುವವನ ಮನಸ್ಸಿನಲ್ಲಿ 'ಆಮೇಲೆ' ಎಂಬುದೊಂದು ಇರುತ್ತದೆ. ಇನ್ನೊಬ್ಬರಿಗೆ ಕಳಿಸುವವನು ಆ ಇನ್ನೊಬ್ಬನ ಹಸಿವನ್ನು ನೆನೆಸಿಕೊಂಡಿರುತ್ತಾನೆ. ಬೇರೆಯವರ ಖಾತೆಯ ಅಂಕಿಗಳ ಜೊತೆ ಹೋಲಿಸುವುದು ಬೇಡ, ನಿಮ್ಮದೇ ವಾಡಿಕೆಯ ಸಂಖ್ಯೆಗಿಂತ ಇದು ದುಪ್ಪಟ್ಟಾದರೂ ಇದೆಯೇ, ಪ್ರಶ್ನೆ ಕೇಳಿದವರು ಕೊಳ್ಳುವಂಥವರೇ, ಇಷ್ಟು ನೋಡಿ ಎಂದೆ. ಹೊತ್ತಿನ ವಿಷಯವೂ ಇದೆ. ಹಾಕಿದ ಮೊದಲ ಎರಡು ದಿನ ನಾನು ಯಾರಿಗೂ ಬೂಸ್ಟ್ ಮಾಡಲು ಹೇಳುವುದಿಲ್ಲ. ಪುಕ್ಕಟೆಯಾಗಿ ಏರುತ್ತಿರುವುದು ಏರಲಿ, ಯಾರು ನೋಡುತ್ತಿದ್ದಾರೆ ಎಂಬುದು ತಿಳಿಯಲಿ. ಏರಿಕೆ ತಗ್ಗಿದ ಮೇಲೆ ದುಡ್ಡಿನ ಕೆಲಸ ಶುರು. ರೊಟ್ಟಿಯ ರೀಲ್‌ಗೆ ಆಗಲೇ ಮೂರು ವಾರವಾಗಿತ್ತು. ಹಬ್ಬದ ಪೋಸ್ಟಾಗಿದ್ದರೆ ಹಳಸಿರುತ್ತಿತ್ತು, ಕಟ್ಟುವ ವಿಧಾನ ಹಳಸುವುದಿಲ್ಲ. ಅದೃಷ್ಟಕ್ಕೆ ಹುಡುಗ ಅದರ ಹಿನ್ನೆಲೆಗೆ ಸಿನಿಮಾ ಹಾಡು ಹಾಕಿರಲಿಲ್ಲ. ಹಕ್ಕುಸ್ವಾಮ್ಯದ ಹಾಡಿರುವ ರೀಲನ್ನು ಬೂಸ್ಟ್ ಮಾಡಲು ಆ್ಯಪ್ ಬಿಡುವುದಿಲ್ಲ.

ಪ್ರೇಕ್ಷಕರನ್ನು ಆರಿಸುವ ಮುನ್ನ ಅಕ್ಕನ ಆರ್ಡರ್ ಪುಸ್ತಕ ತರಿಸಿದೆ. ಹಿಂದಿನ ಮೂವತ್ತು ಹೊಸ ಗ್ರಾಹಕರಲ್ಲಿ ಹತ್ತೊಂಬತ್ತು ಮಂದಿ ಬೆಂಗಳೂರಿನವರು, ಐವರು ಪುಣೆಯವರು, ಉಳಿದವರು ಅಲ್ಲಲ್ಲಿ ಚದುರಿದವರು. ಹಾಗಾಗಿ ಸ್ಥಳ ಬೆಂಗಳೂರು ಒಂದೇ. ಪುಣೆಯನ್ನೂ ಸೇರಿಸೋಣ ಎಂದರು ಅಕ್ಕ. ಪುಣೆಗೆ ಕೊರಿಯರ್ ಖರ್ಚು ಹೆಚ್ಚು, ಲಾಭದ ಲೆಕ್ಕವೇ ಬೇರೆಯಾಗುತ್ತದೆ, ಎರಡನ್ನು ಬೆರೆಸಿದರೆ ಯಾವುದು ನಡೆಯಿತೆಂದು ಗೊತ್ತಾಗುವುದಿಲ್ಲ ಎಂದೆ.

"ಹೆಂಗಸರಿಗೆ ಮಾತ್ರ ತೋರಿಸಿದರೆ ಸಾಕಲ್ಲವೇ ಮೇಡಂ? ಅಡುಗೆಯ ವಿಷಯ."

"ಅಕ್ಕಾ, ನಿಮ್ಮ ಪುಸ್ತಕವನ್ನೇ ಓದಿ."

ಮೂವತ್ತರಲ್ಲಿ ಹನ್ನೊಂದು ಗಂಡಸರ ಹೆಸರು. ಪಿ.ಜಿ.ಯಲ್ಲಿ, ಬಾಡಿಗೆ ಮನೆಯಲ್ಲಿ ಇರುವ ಹುಡುಗರು. ಲಿಂಗದ ಆಯ್ಕೆಯನ್ನು 'ಎಲ್ಲರೂ' ಎಂದೇ ಬಿಟ್ಟೆವು. ವಯಸ್ಸು 23ರಿಂದ 50.

ಆಸಕ್ತಿಗಳ ಖಾನೆಯಲ್ಲಿ ಹುಡುಗ ಅಡುಗೆ, ಭಾರತೀಯ ಆಹಾರ, ಶಾಪಿಂಗ್, ಆರೋಗ್ಯ ಎಂದೆಲ್ಲ ತುಂಬಿಸತೊಡಗಿದ್ದ. ಇಷ್ಟೆಲ್ಲ ಇರುವವರು ಮಾತ್ರ ಸಿಗುತ್ತಾರೆ ಎಂದು ಅವನ ಎಣಿಕೆ. ಆಗುವುದು ಅದಕ್ಕೆ ತಿರುಗುಮುರುಗು. ಆ ಪಟ್ಟಿಯಲ್ಲಿ ಯಾವುದಾದರೂ ಒಂದು ಇದ್ದವರೂ ಒಳಗೆ ಬರುತ್ತಾರೆ. ಒಂದೊಂದು ಆಸಕ್ತಿ ಸೇರಿಸಿದಂತೆ ಗುಂಪು ಹಿಗ್ಗುತ್ತದೆಯೇ ಹೊರತು ಕುಗ್ಗುವುದಿಲ್ಲ. ಪಕ್ಕದಲ್ಲಿ ಕಾಣುವ ಅಂದಾಜು ಸಂಖ್ಯೆ ಏರುವುದನ್ನು ಅವನಿಗೆ ತೋರಿಸಿದೆ. ಭಾರತೀಯ ಆಹಾರ ಎಂಬುದೊಂದನ್ನು ಉಳಿಸಿ ಬಾಕಿ ಅಳಿಸಿದೆವು.

ಕನ್ನಡದವರಿಗೆ ಮಾತ್ರ ತೋರಿಸಲು ಆಗುವುದಿಲ್ಲವೇ ಎಂದು ಅಕ್ಕ ಕೇಳಿದ್ದು ಒಳ್ಳೆಯ ಪ್ರಶ್ನೆ. ಇನ್‌ಸ್ಟಾಗ್ರಾಂ ಜಾಹೀರಾತುಗಳನ್ನು ವಿವರವಾಗಿ ಹೊಂದಿಸುವ ಆ್ಯಡ್ಸ್ ಮ್ಯಾನೇಜರಿನಲ್ಲಿ ಭಾಷೆಯ ಆಯ್ಕೆ ಇದೆ. ಆದರೆ ಅದು ಮುಖ್ಯವಾಗಿ ನೋಡುವುದು ಆ್ಯಪನ್ನು ಯಾವ ಭಾಷೆಯಲ್ಲಿ ಇಟ್ಟುಕೊಂಡಿದ್ದಾರೆ ಎಂಬುದನ್ನು. ಬೆಂಗಳೂರಿನಲ್ಲಿರುವ ನಮ್ಮ ಕಡೆಯ ಹುಡುಗರ ಫೋನುಗಳೆಲ್ಲ ಇಂಗ್ಲಿಷಿನಲ್ಲಿ. ಕನ್ನಡ ಎಂದು ಆರಿಸಿದರೆ ಬೇಕಾದವರೇ ಜಾರಿ ಹೋಗುತ್ತಾರೆ. ಜರಡಿ ಹಿಡಿಯುವ ಕೆಲಸವನ್ನು ವಿಡಿಯೊದ ಮೊದಲ ಸಾಲಿಗೇ ಬಿಡುವುದು ಮೇಲು. "ನಮ್ಮ ಕಡೆಯ ಖಡಕ್ ರೊಟ್ಟಿ" ಎಂಬ ಮಾತು ಕಿವಿಗೆ ಬಿದ್ದಾಗ ಬೆರಳು ನಿಲ್ಲುವುದು ಯಾರದೆಂದು ಎಲ್ಲರಿಗೂ ಗೊತ್ತು.

ಇನ್ನು ದುಡ್ಡು. ಎಷ್ಟು ಹಾಕಬೇಕು ಎಂದು ಬಂದವರೆಲ್ಲ ಕೇಳುತ್ತಾರೆ. ನಾನು ಕೇಳುವುದು ಒಂದು ಡಬ್ಬಿಯ ಮೇಲೆ ಎಷ್ಟು ಉಳಿಯುತ್ತದೆ ಎಂದು. ನಲವತ್ತು ರೊಟ್ಟಿ, ಎರಡು ಬಗೆಯ ಚಟ್ನಿಯ ಡಬ್ಬಿಗೆ ಹಿಟ್ಟು, ಕೂಲಿ, ಗ್ಯಾಸ್, ರಟ್ಟು, ಕೊರಿಯರ್ ಎಲ್ಲ ಕಳೆದರೆ 180 ರೂಪಾಯಿ ಉಳಿಯುತ್ತಿತ್ತು. ವಾಟ್ಸ್‌ಆ್ಯಪಿನಲ್ಲಿ ವಿಚಾರಿಸುವ ಐವರಲ್ಲಿ ಒಬ್ಬರು ಕೊಳ್ಳುತ್ತಾರೆಂದು ಅಕ್ಕನ ಅನುಭವ. ಅಂದರೆ ಒಂದು ವಿಚಾರಣೆಗೆ ಹೆಚ್ಚೆಂದರೆ 36 ರೂಪಾಯಿ ಕೊಡಬಹುದು. ಅದರಲ್ಲಿ ಜಿಎಸ್‌ಟಿಯ ಪಾಲು ತೆಗೆದರೆ ಆ್ಯಪಿನಲ್ಲಿ ಕಾಣುವ ಖರ್ಚು ವಿಚಾರಣೆಗೆ 30 ರೂಪಾಯಿಯನ್ನು ಮೀರಬಾರದು. ಈ 30 ಎಂಬ ಅಂಕಿಯನ್ನು ಪುಸ್ತಕದ ರಟ್ಟಿನ ಮೇಲೆ ಬರೆಸಿದೆ.

ದಿನಕ್ಕೆ 250 ರೂಪಾಯಿ, ಆರು ದಿನ. ಒಟ್ಟು 1,500, ತೆರಿಗೆ ಸೇರಿ 1,770. ಒಂದೇ ದಿನ ಅಷ್ಟನ್ನೂ ಹಾಕಿದರೆ ಯಾರಿಗೆ ತೋರಿಸಬೇಕೆಂದು ಆ್ಯಪ್ ಕಲಿಯುವಷ್ಟರಲ್ಲಿ ದುಡ್ಡು ಮುಗಿದಿರುತ್ತದೆ, ದಿನಕ್ಕೆ ಐವತ್ತು ಹಾಕಿದರೆ ತೀರ್ಮಾನಿಸುವಷ್ಟು ವಿಚಾರಣೆಗಳೇ ಬರುವುದಿಲ್ಲ. ಗುರಿ ಈ ಸಲ 'ಸಂದೇಶ', ಅದೂ ವಾಟ್ಸ್‌ಆ್ಯಪ್ ಬಿಸಿನೆಸ್‌ಗೆ. ಬೂಸ್ಟ್ ಶುರುವಾದ ಮೇಲೆ ಪೋಸ್ಟಿನ ಬರಹ ತಿದ್ದಲು ಆಗುವುದಿಲ್ಲವಾದ್ದರಿಂದ, ಡಬ್ಬಿಯ ಬೆಲೆ, ಎಷ್ಟು ದಿನ ಕೆಡದೆ ಇರುತ್ತದೆ, ಆಹಾರ ನೋಂದಣಿ ಸಂಖ್ಯೆ ಎಲ್ಲವನ್ನೂ ಮೊದಲೇ ಸೇರಿಸಿದೆವು. ಬೆಲೆ ಬರೆದರೆ ವಿಚಾರಿಸುವವರು ಕಡಿಮೆಯಾಗುತ್ತಾರೆ ಎಂದು ಹುಡುಗ ಹಿಂಜರಿದ. ಬೆಲೆ ಕೇಳಿ ಸುಮ್ಮನಾಗುವವರು ಕಡಿಮೆಯಾಗಲಿ ಎಂದೇ ಬರೆಯುವುದು.

ಸೋಮವಾರ ಶುರುವಾಯಿತು. ಮೊದಲ ದಿನ ನಾಲ್ಕೇ ವಿಚಾರಣೆ, ಒಂದಕ್ಕೆ 62 ರೂಪಾಯಿ. ರಾತ್ರಿ ಒಂಬತ್ತಕ್ಕೆ ಅಕ್ಕನ ಫೋನ್, ನಿಲ್ಲಿಸಿಬಿಡಲೇ ಎಂದು. ಮೂರು ದಿನ ಏನನ್ನೂ ಮುಟ್ಟಬೇಡಿ, 750 ರೂಪಾಯಿ ಹೋಗುವಷ್ಟರಲ್ಲಿ ಹದಿನೈದು ವಿಚಾರಣೆಯೂ ಬರದಿದ್ದರೆ ನಾನೇ ನಿಲ್ಲಿಸಲು ಹೇಳುತ್ತೇನೆ ಎಂದೆ. ನಡುವೆ ಪ್ರೇಕ್ಷಕರನ್ನು ಬದಲಿಸಿದರೆ ಆ್ಯಪ್ ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತದೆ. ಎರಡನೆಯ ದಿನ ಏಳು, ಮೂರನೆಯ ದಿನ ಹನ್ನೊಂದು. ಮೂರು ದಿನದ ಸರಾಸರಿ ಇನ್ನೂ 34, ಅಂದರೆ ಮಿತಿಗಿಂತ ಮೇಲೆ. ಆದರೂ ಮೂರನೆಯ ದಿನದ್ದನ್ನೇ ಬೇರೆಯಾಗಿ ನೋಡಿದರೆ 23. ಇಳಿಮುಖ ಕಂಡಿದ್ದರಿಂದ ಮುಂದುವರಿಸಿದೆವು. ಆಮೇಲಿನ ಮೂರು ದಿನ ಹದಿಮೂರು, ಹನ್ನೆರಡು, ಒಂಬತ್ತು.

ಒಟ್ಟು 56 ವಿಚಾರಣೆ, ಒಂದಕ್ಕೆ ಸುಮಾರು 27 ರೂಪಾಯಿ. ಆರ್ಡರ್ ಹನ್ನೆರಡು. 2,160 ರೂಪಾಯಿ ಉಳಿತಾಯದಲ್ಲಿ ಜಾಹೀರಾತಿನ 1,770 ಕಳೆದರೆ ಕೈಗೆ ಬಂದದ್ದು 390. "ಇಷ್ಟೇನಾ?" ಎಂದ ಹುಡುಗ. ಇಷ್ಟೇ. ಮೊದಲ ಡಬ್ಬಿಯಲ್ಲಿ ನಷ್ಟವಾಗದಿದ್ದರೆ ಸಾಕು, ಈ ವ್ಯಾಪಾರದ ಲಾಭವಿರುವುದು ಎರಡನೆಯ ಡಬ್ಬಿಯಲ್ಲಿ. ಯಾರು ಮರಳಿ ಬಂದರೆಂದು ತಿಳಿಯಲು ಈ ಹನ್ನೆರಡು ಮಂದಿಗೂ ವಾಟ್ಸ್‌ಆ್ಯಪಿನಲ್ಲಿ ಬೇರೆ ಲೇಬಲ್ ಹಾಕಿಸಿದ್ದೇನೆ. ತಿಂಗಳೊಳಗೆ ನಾಲ್ವರು ಮರಳಿ ಕೇಳಿದರು.

ಇನ್ನೂ ಹತ್ತು ದಿನ ಮುಂದುವರಿಸೋಣ ಎಂಬ ಅವರ ಆಸೆಗೆ ನಾನು ಒಪ್ಪಲಿಲ್ಲ. ಸಂಖ್ಯೆಗಳಲ್ಲಿ ದೋಷವಿರಲಿಲ್ಲ. ಒಟ್ಟು ವೀಕ್ಷಣೆಗಳನ್ನು, ರೀಲ್ ತಲುಪಿದ ಜನರ ಸಂಖ್ಯೆಯಿಂದ ಭಾಗಿಸಿದಾಗ ಒಬ್ಬೊಬ್ಬರು ಒಂದೂವರೆ ಸಲ ನೋಡಿದ್ದರು. ಅದು ಮೂರರ ಹತ್ತಿರ ಬಂದು ವಿಚಾರಣೆಯ ಖರ್ಚೂ ಏರತೊಡಗಿದರೆ ನೋಡಿದವರಿಗೇ ಮತ್ತೆ ತೋರಿಸುತ್ತಿದೆ ಎಂದು ತಿಳಿದು ನಿಲ್ಲಿಸುತ್ತೇನೆ, ಇಲ್ಲಿ ಆ ಹಂತ ಬಂದಿರಲಿಲ್ಲ. ತೊಡಕಿದ್ದದ್ದು ಒಲೆಯ ಮುಂದೆ. ಐದನೆಯ ದಿನ ರೊಟ್ಟಿ ಬಡಿಯುವ ಕೆಲಸದಲ್ಲಿ ಮುಳುಗಿ ಅಕ್ಕ ಸಂದೇಶಗಳನ್ನು ಸಂಜೆಯವರೆಗೆ ತೆರೆದಿರಲಿಲ್ಲ. ಆ ದಿನದ ಹನ್ನೆರಡು ವಿಚಾರಣೆಯಿಂದ ಆರ್ಡರ್ ಬಂದದ್ದು ಒಂದು. ಉತ್ತರಿಸಲು ಒಬ್ಬರು ಸಿಗುವವರೆಗೆ ತಿಂಗಳಿಗೆ ಒಂದು ಸಲ, ಆರು ದಿನ, ಅಷ್ಟೇ ಹಣ ಎಂದು ಗೊತ್ತುಮಾಡಿದೆವು.

ಹೋಗುವಾಗ ಹುಡುಗ ಅಜ್ಜಿಯ ವಿಡಿಯೊವನ್ನು ಅಳಿಸಿಬಿಡಲೇ ಎಂದು ಕೇಳಿದ. ಬೇಡ, ಪ್ರೊಫೈಲಿನ ಮೇಲ್ತುದಿಯಲ್ಲಿ ಪಿನ್ ಮಾಡು ಎಂದೆ. ರೊಟ್ಟಿಯ ರೀಲ್ ನೋಡಿ, ಇವರು ನಿಜವಾದವರೇ ಎಂದು ಖಾತೆಯನ್ನು ಇಣುಕುವವರಿಗೆ ಮೊದಲು ಕಾಣಬೇಕಾದದ್ದು ಆ ಒರಳು ಮತ್ತು ಆ ಬೈಗುಳ.