ಬೋನಸ್ ಷೇರು ಕೊಟ್ಟರೆ ಬಂಡವಾಳ ಹೆಚ್ಚುತ್ತದೆ, ಹಣವೂ ಹೆಚ್ಚುತ್ತದೆಯೇ?

ಪ್ರಶ್ನೆ: ನಮ್ಮದು ಕುಟುಂಬದ ಪ್ರೈವೇಟ್ ಲಿಮಿಟೆಡ್ ಕಂಪನಿ. 10 ರೂಪಾಯಿ ಮುಖಬೆಲೆಯ 5 ಲಕ್ಷ ಷೇರುಗಳಿವೆ, ಅಂದರೆ ಬಂಡವಾಳ 50 ಲಕ್ಷ. ಮೀಸಲು ನಿಧಿ ಒಟ್ಟು 1.20 ಕೋಟಿ ಇದೆ: ಜನರಲ್ ರಿಸರ್ವ್ 25 ಲಕ್ಷ, ಲಾಭ-ನಷ್ಟ ಖಾತೆಯ ಉಳಿಕೆ 20 ಲಕ್ಷ, ಷೇರು ಪ್ರೀಮಿಯಂ 12 ಲಕ್ಷ, ಕ್ಯಾಪಿಟಲ್ ರಿಡೆಂಪ್ಷನ್ ರಿಸರ್ವ್ 8 ಲಕ್ಷ, ಜಾಗದ ಮರುಮೌಲ್ಯಮಾಪನದಿಂದ ಬಂದದ್ದು 55 ಲಕ್ಷ. ಸಾಲ ಹೆಚ್ಚಿಸಬೇಕಾದರೆ ಬಂಡವಾಳ ಹೆಚ್ಚಿಸಿ ಎಂದು ಬ್ಯಾಂಕಿನವರು ಹೇಳುತ್ತಿದ್ದಾರೆ. ಈ ವರ್ಷ ಡಿವಿಡೆಂಡ್ ಬದಲು ಒಂದಕ್ಕೆ ಎರಡರಂತೆ ಬೋನಸ್ ಷೇರು ಕೊಟ್ಟು ಬಂಡವಾಳವನ್ನು 1.50 ಕೋಟಿಗೆ ಏರಿಸಬಹುದೇ? ಅಧಿಕೃತ ಬಂಡವಾಳ 75 ಲಕ್ಷ ಇದೆ.

ಉತ್ತರ: ಒಂದಕ್ಕೆ ಎರಡು ಸಾಧ್ಯವಿಲ್ಲ, ಒಂದಕ್ಕೆ ಒಂದು ಸಾಧ್ಯ. ಆದರೆ ಅದಕ್ಕೂ ಮುಂಚೆ ಬ್ಯಾಂಕಿನವರ ಮಾತನ್ನು ಇನ್ನೊಮ್ಮೆ ಸರಿಯಾಗಿ ಕೇಳಿಕೊಳ್ಳಿ. ಬೋನಸ್ ಷೇರಿನಿಂದ ಕಂಪನಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಲೆಕ್ಕದ ಪುಸ್ತಕದಲ್ಲಿ ಅದಕ್ಕೆ ಬರೆಯುವುದು ಎರಡೇ ಜರ್ನಲ್ ನಮೂದು. ಮೊದಲನೆಯದರಲ್ಲಿ ಮೀಸಲು ಖಾತೆಗಳನ್ನು ಡೆಬಿಟ್ ಮಾಡಿ 'ಬೋನಸ್ ಟು ಷೇರ್‌ಹೋಲ್ಡರ್ಸ್' ಖಾತೆಗೆ ಕ್ರೆಡಿಟ್ ಕೊಡುತ್ತೀರಿ. ಎರಡನೆಯದರಲ್ಲಿ ಆ ಖಾತೆಯನ್ನು ಡೆಬಿಟ್ ಮಾಡಿ ಈಕ್ವಿಟಿ ಷೇರು ಬಂಡವಾಳಕ್ಕೆ ಕ್ರೆಡಿಟ್ ಕೊಡುತ್ತೀರಿ. ಎರಡರಲ್ಲಿಯೂ ಬ್ಯಾಂಕ್ ಖಾತೆಯ ಹೆಸರೇ ಬರುವುದಿಲ್ಲ.

ಹೊಸದಾಗಿ ಹಣ ತನ್ನಿ ಎಂಬುದು ಅವರ ಮಾತಿನ ಅರ್ಥವಾಗಿದ್ದರೆ ಬೋನಸ್ ಷೇರಿನಿಂದ ಕೆಲಸವಾಗುವುದಿಲ್ಲ. ಷೇರುದಾರರು ದುಡ್ಡು ಹಾಕಿಯೇ ಷೇರು ಪಡೆಯುವ ರೈಟ್ಸ್ ಇಶ್ಯೂ ಮಾಡಬೇಕಾಗುತ್ತದೆ. ಲಾಭವೆಲ್ಲ ಮೀಸಲಿನಲ್ಲಿ ಬಿದ್ದಿದೆ, ನಾಳೆ ಡಿವಿಡೆಂಡ್ ಎಂದು ಹೊರಗೆ ಹೋದರೆ ನಮ್ಮ ಸಾಲಕ್ಕೆ ಏನು ಆಧಾರ ಎಂಬುದು ಅವರ ಚಿಂತೆಯಾಗಿದ್ದರೆ, ಬೋನಸ್ ಷೇರು ಅದಕ್ಕೆ ತಕ್ಕ ಉತ್ತರ. ಮೀಸಲಿನಲ್ಲಿದ್ದಾಗ ಹಂಚಬಹುದಾಗಿದ್ದ ಹಣ ಬಂಡವಾಳವಾದ ಮೇಲೆ ಹಂಚುವಂತಿಲ್ಲ. ಬಂಡವಾಳ ಇಳಿಸಬೇಕೆಂದರೆ ಕಂಪನಿ ಕಾಯ್ದೆ 2013ರ ಸೆಕ್ಷನ್ 66ರ ಪ್ರಕಾರ ವಿಶೇಷ ನಿರ್ಣಯ ಮಾಡಿ, ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋಗಿ, ಸಾಲ ಕೊಟ್ಟವರ ಆಕ್ಷೇಪಣೆಯನ್ನೂ ಎದುರಿಸಬೇಕು. ಬೋನಸ್ ಕೊಡುವ ದಾರಿಯಷ್ಟು ಸಲೀಸು ವಾಪಸ್ ಬರುವ ದಾರಿ ಇಲ್ಲ.

ಈಗ ನಿಮ್ಮ 1.20 ಕೋಟಿಗೆ ಬರೋಣ. ಸೆಕ್ಷನ್ 63 ಬೋನಸ್ ಷೇರಿಗೆ ಮೂರು ಮೂಲಗಳನ್ನು ಮಾತ್ರ ಒಪ್ಪುತ್ತದೆ: ಡಿವಿಡೆಂಡ್ ಆಗಿ ಹಂಚಬಹುದಾದ ಮುಕ್ತ ಮೀಸಲು, ಷೇರು ಪ್ರೀಮಿಯಂ ಖಾತೆ, ಕ್ಯಾಪಿಟಲ್ ರಿಡೆಂಪ್ಷನ್ ರಿಸರ್ವ್. ಆಸ್ತಿಯ ಮರುಮೌಲ್ಯಮಾಪನದಿಂದ ಹುಟ್ಟಿದ ಮೀಸಲನ್ನು ಬಂಡವಾಳ ಮಾಡಿಕೊಳ್ಳಬಾರದು ಎಂದು ಅದೇ ಸೆಕ್ಷನ್ ನೇರವಾಗಿ ಹೇಳುತ್ತದೆ. ಜಾಗದ ಬೆಲೆ ಏರಿದೆ ಎಂದು ಮೌಲ್ಯಮಾಪಕರು ಬರೆದುಕೊಟ್ಟಿದ್ದಾರೆ, ಆದರೆ ಆ ಲಾಭ ಇನ್ನೂ ಯಾರ ಕೈಗೂ ಬಂದಿಲ್ಲ. ಹಾಗಾಗಿ 55 ಲಕ್ಷವನ್ನು ಪಕ್ಕಕ್ಕಿಡಿ. ಕೆಲವರು ಈ ಮೊತ್ತವನ್ನು ಮೊದಲು ಜನರಲ್ ರಿಸರ್ವ್‌ಗೆ ವರ್ಗಾಯಿಸಿ, ಆಮೇಲೆ ಅಲ್ಲಿಂದ ಬೋನಸ್ ಕೊಡುವ ಜಾಣತನ ತೋರಿಸುತ್ತಾರೆ. ಖಾತೆಯ ಹೆಸರು ಬದಲಾದರೆ ಹಣದ ಮೂಲ ಬದಲಾಗುವುದಿಲ್ಲ. ಹಿಂದಿನ ಎರಡು ವರ್ಷದ ಬ್ಯಾಲೆನ್ಸ್ ಶೀಟ್ ಪಕ್ಕಪಕ್ಕ ಇಟ್ಟುಕೊಂಡ ಯಾವ ಲೆಕ್ಕಪರಿಶೋಧಕರಿಗಾದರೂ ಅದು ಕಣ್ಣಿಗೆ ಬೀಳುತ್ತದೆ. ಜಾಗವನ್ನು ನಿಜಕ್ಕೂ ಮಾರಿ ಹಣ ಬಂದ ಮೇಲಾದರೆ ಮಾತೇ ಬೇರೆ.

ಉಳಿದ ನಾಲ್ಕು ಸೇರಿದರೆ 65 ಲಕ್ಷ. ಒಂದಕ್ಕೆ ಎರಡು ಕೊಡಲು 1 ಕೋಟಿ ಬೇಕು, ಒಂದಕ್ಕೆ ಒಂದು ಕೊಡಲು 50 ಲಕ್ಷ ಸಾಕು. ಈ 65 ಲಕ್ಷವನ್ನು ಲೆಕ್ಕಪರಿಶೋಧನೆಯಾದ ಇತ್ತೀಚಿನ ಬ್ಯಾಲೆನ್ಸ್ ಶೀಟಿನಿಂದ ತೆಗೆದುಕೊಂಡಿದ್ದೀರಿ ಎಂದು ಭಾವಿಸಿದ್ದೇನೆ. ಮುಕ್ತ ಮೀಸಲು ಎಷ್ಟು ಎಂಬುದಕ್ಕೆ ಕಾಯ್ದೆ ನೋಡುವುದು ಅದನ್ನೇ, ಈ ತಿಂಗಳ ಟ್ರಯಲ್ ಬ್ಯಾಲೆನ್ಸನ್ನಲ್ಲ.

50 ಲಕ್ಷವನ್ನು ಯಾವ ಖಾತೆಯಿಂದ ಎಷ್ಟು ತೆಗೆಯಬೇಕು ಎಂಬುದನ್ನು ಕಾಯ್ದೆ ನಿಮಗೇ ಬಿಟ್ಟಿದೆ. ಎಷ್ಟೋ ಕಂಪನಿಗಳಲ್ಲಿ ಯೋಚನೆ ಮಾಡದೆ ಮೊದಲು ಜನರಲ್ ರಿಸರ್ವ್‌ಗೆ ಕೈ ಹಾಕುತ್ತಾರೆ. ಹಾಗೆ ಮಾಡಬೇಡಿ. ಕ್ಯಾಪಿಟಲ್ ರಿಡೆಂಪ್ಷನ್ ರಿಸರ್ವ್‌ನಿಂದ ಡಿವಿಡೆಂಡ್ ಕೊಡುವಂತಿಲ್ಲ. ಪೂರ್ಣ ಪಾವತಿಯಾದ ಬೋನಸ್ ಷೇರು ಕೊಡುವುದೇ ಅದರ ಉಪಯೋಗ. ಆದ್ದರಿಂದ ಆ 8 ಲಕ್ಷವನ್ನು ಮೊದಲು ತೆಗೆಯಿರಿ. ಷೇರು ಪ್ರೀಮಿಯಂ ಕೂಡ ಡಿವಿಡೆಂಡ್‌ಗೆ ಸಿಗುವ ಹಣವಲ್ಲ. ಷೇರು ಹೊರಡಿಸಿದ ಖರ್ಚನ್ನು ವಜಾ ಮಾಡುವುದು, ಷೇರು ಮರುಖರೀದಿ ಇಂಥ ಕೆಲವೇ ಕೆಲಸಕ್ಕೆ ಅದು ಬರುತ್ತದೆ. ಅಂಥ ಯೋಜನೆ ಇಲ್ಲದಿದ್ದರೆ ಆ 12 ಲಕ್ಷವನ್ನೂ ಬಳಸಿ. ಇನ್ನು ಬೇಕಾಗುವ 30 ಲಕ್ಷದಲ್ಲಿ 25 ಲಕ್ಷ ಜನರಲ್ ರಿಸರ್ವ್‌ನಿಂದ, 5 ಲಕ್ಷ ಲಾಭ-ನಷ್ಟ ಖಾತೆಯ ಉಳಿಕೆಯಿಂದ ಬರಲಿ.

ಬೋನಸ್ ಆದ ಮೇಲೆ ನಿಮ್ಮ ಬ್ಯಾಲೆನ್ಸ್ ಶೀಟ್ ಹೀಗಿರುತ್ತದೆ: ಪಾವತಿಯಾದ ಬಂಡವಾಳ 1 ಕೋಟಿ, ಲಾಭ-ನಷ್ಟ ಖಾತೆಯ ಉಳಿಕೆ 15 ಲಕ್ಷ, ಮರುಮೌಲ್ಯಮಾಪನ ಮೀಸಲು 55 ಲಕ್ಷ. ಒಟ್ಟು 1.70 ಕೋಟಿ. ಮೊದಲು 50 ಲಕ್ಷ ಬಂಡವಾಳ, 1.20 ಕೋಟಿ ಮೀಸಲು ಇದ್ದಾಗಲೂ ಒಟ್ಟು ಅಷ್ಟೇ ಇತ್ತು. ಒಂದು ಷೇರಿನ ಪುಸ್ತಕ ಮೌಲ್ಯ 34 ರೂಪಾಯಿಯಿಂದ 17ಕ್ಕೆ ಇಳಿಯುತ್ತದೆ, ಪ್ರತಿಯೊಬ್ಬರ ಕೈಯಲ್ಲಿರುವ ಷೇರು ದುಪ್ಪಟ್ಟಾಗುತ್ತದೆ. ಯಾರ ಪಾಲೂ ಶೇಕಡಾವಾರಿನಲ್ಲಿ ಕದಲುವುದಿಲ್ಲ. 'ಚಿಕ್ಕಪ್ಪನವರಿಗೆ ಜಾಸ್ತಿ ಹೋಯಿತು' ಎಂಬ ಮಾತು ಕುಟುಂಬದ ಕಂಪನಿಗಳಲ್ಲಿ ಎದ್ದೇ ಏಳುವುದರಿಂದ ಇದನ್ನು ಸಭೆಯಲ್ಲಿಯೇ ಎಲ್ಲರಿಗೂ ಬಿಡಿಸಿ ಹೇಳುವುದು ಒಳ್ಳೆಯದು.

ನಿಜವಾದ ಬದಲಾವಣೆ ಡಿವಿಡೆಂಡ್ ಕೊಡುವ ಶಕ್ತಿಯಲ್ಲಿದೆ. ಇವತ್ತು ನಿಮ್ಮಲ್ಲಿರುವ ಮುಕ್ತ ಮೀಸಲು 45 ಲಕ್ಷ, ಬೋನಸ್ ನಂತರ 15 ಲಕ್ಷ. ಮೊದಲು ಜನರಲ್ ರಿಸರ್ವ್ ಮತ್ತು ಲಾಭ-ನಷ್ಟ ಖಾತೆಯನ್ನೇ ಖಾಲಿ ಮಾಡಿ, ಕೊನೆಯ 5 ಲಕ್ಷವನ್ನಷ್ಟೇ ಪ್ರೀಮಿಯಂನಿಂದ ತೆಗೆದಿದ್ದರೆ ಬಂಡವಾಳ ಆಗಲೂ 1 ಕೋಟಿಯೇ ಆಗುತ್ತಿತ್ತು, ಆದರೆ ಮುಕ್ತ ಮೀಸಲಿನಲ್ಲಿ ಒಂದು ಪೈಸೆಯೂ ಉಳಿಯುತ್ತಿರಲಿಲ್ಲ. ಯಾವ ಖಾತೆ ಮೊದಲು ಎಂದು ಇಷ್ಟು ಎಳೆದು ಹೇಳಿದ್ದು ಅದಕ್ಕೇ.

ಇದರ ಜೊತೆಗೆ ಡಿವಿಡೆಂಡ್ ಅನ್ನು ಮುಖಬೆಲೆಯ ಶೇಕಡಾವಾರಿನಲ್ಲಿ ಘೋಷಿಸುವ ರೂಢಿ ನಿಮ್ಮಲ್ಲಿದ್ದರೆ ಜೋಪಾನ. 50 ಲಕ್ಷ ಬಂಡವಾಳದ ಮೇಲೆ ಶೇ 20 ಎಂದರೆ 10 ಲಕ್ಷ. 1 ಕೋಟಿಯ ಮೇಲೆ ಅದೇ ಶೇ 20 ಎಂದರೆ 20 ಲಕ್ಷ. ಲಾಭ ಅಷ್ಟೇ ಇದ್ದು, ಹಳೆಯ ದರವನ್ನೇ ಉಳಿಸಿಕೊಳ್ಳಬೇಕೆಂಬ ಒತ್ತಡ ಮನೆಯೊಳಗಿನಿಂದಲೇ ಬರುತ್ತದೆ. ಶೇ 10ಕ್ಕೆ ಇಳಿದರೂ ಪ್ರತಿಯೊಬ್ಬರ ಕೈಗೆ ಬರುವ ಹಣ ಮೊದಲಿನಷ್ಟೇ ಎಂದು ಮುಂಚೆಯೇ ಹೇಳಿಬಿಡಿ. ಪ್ರತಿ ಷೇರಿನ ಗಳಿಕೆಯೂ ಅರ್ಧವಾಗುತ್ತದೆ. ವರದಿಯಲ್ಲಿ ಹಿಂದಿನ ವರ್ಷದ ಗಳಿಕೆಯನ್ನೂ 10 ಲಕ್ಷ ಷೇರಿನ ಲೆಕ್ಕದಲ್ಲಿ ತಿದ್ದಿ ತೋರಿಸಬೇಕು. ಇಲ್ಲವಾದರೆ ಲಾಭ ಏರಿದ ವರ್ಷದಲ್ಲೂ ಕುಸಿದಂತೆ ಕಾಣುತ್ತದೆ.

ಅಧಿಕೃತ ಬಂಡವಾಳದ ವಿಚಾರ. ಪಾವತಿಯಾದ ಬಂಡವಾಳ 1 ಕೋಟಿಗೆ ಹೋಗಬೇಕಾದರೆ 75 ಲಕ್ಷದ ಮಿತಿಯನ್ನು ಕನಿಷ್ಠ 25 ಲಕ್ಷ ಏರಿಸಬೇಕು. ನಿಮ್ಮ ಕಂಪನಿಯ ನಿಯಮಾವಳಿಯಾದ ಆರ್ಟಿಕಲ್ಸ್ ಅನುಮತಿಸಿದ್ದರೆ ಸಾಮಾನ್ಯ ಸಭೆಯಲ್ಲಿ ಸಾಮಾನ್ಯ ನಿರ್ಣಯ ಸಾಕು. ಅದಾದ 30 ದಿನದೊಳಗೆ SH-7 ನಮೂನೆಯನ್ನು ಶುಲ್ಕದೊಂದಿಗೆ ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ಬೋನಸ್ ನಿರ್ಣಯವನ್ನು ಅದೇ ಸಭೆಯಲ್ಲಿ ಮಾಡಬಹುದು, ಆದರೆ ಮಿತಿ ಏರಿಸುವ ನಿರ್ಣಯ ಮೊದಲು, ಬೋನಸ್ ಆಮೇಲೆ. ಷೇರು ಹಂಚಿಕೆಯಾದ ಮೇಲೆ ಹಂಚಿಕೆಯ ವಿವರದ PAS-3 ನಮೂನೆ ಸಲ್ಲಿಸಲು ಮತ್ತೆ 30 ದಿನ. ಬೋನಸ್ ಷೇರು ಕೊಡುವ ಅಧಿಕಾರ ಆರ್ಟಿಕಲ್ಸ್‌ನಲ್ಲಿ ಇರಲೇಬೇಕು. ಹಳೆಯ ಕಂಪನಿಯಾಗಿದ್ದರೆ ಆ ಪುಟವನ್ನು ತೆಗೆದು ಓದಿ; ಇಲ್ಲದಿದ್ದರೆ ಮೊದಲು ವಿಶೇಷ ನಿರ್ಣಯದಿಂದ ಆರ್ಟಿಕಲ್ಸ್ ತಿದ್ದಬೇಕಾಗುತ್ತದೆ.

ಇನ್ನೆರಡು ಕಡೆ ಕೆಲಸ ಕೆಡುವ ಸಾಧ್ಯತೆ ಇದೆ. ಒಂದು, ಬಾಕಿಗಳು. ಕಂಪನಿ ಪಡೆದ ಠೇವಣಿ ಅಥವಾ ಸಾಲಪತ್ರಗಳ ಅಸಲು, ಬಡ್ಡಿ ಕಟ್ಟದೆ ಉಳಿಸಿಕೊಂಡಿದ್ದರೆ, ಇಲ್ಲವೇ ನೌಕರರ ಭವಿಷ್ಯ ನಿಧಿ, ಗ್ರಾಚ್ಯುಟಿ, ಬೋನಸ್ ಕೊಡದೆ ಉಳಿಸಿಕೊಂಡಿದ್ದರೆ ಬೋನಸ್ ಷೇರು ಕೊಡುವಂತಿಲ್ಲ. ಭವಿಷ್ಯ ನಿಧಿಯ ಚಲನ್‌ಗಳನ್ನು ಸಭೆಗೆ ಮುಂಚೆಯೇ ತೆಗೆಸಿ ನೋಡಿ. ಯಾರದಾದರೂ ಷೇರಿನ ಮೇಲೆ ಪೂರ್ತಿ ಹಣ ಬಂದಿಲ್ಲದಿದ್ದರೆ ಅದನ್ನೂ ಮೊದಲು ಪೂರ್ಣಗೊಳಿಸಬೇಕು.

ಎರಡನೆಯದು ನೀವು ಬಳಸಿದ 'ಡಿವಿಡೆಂಡ್ ಬದಲು' ಎಂಬ ಮಾತು. ಡಿವಿಡೆಂಡ್‌ಗೆ ಬದಲಾಗಿ ಬೋನಸ್ ಷೇರು ಕೊಡಬಾರದು ಎಂದು ಸೆಕ್ಷನ್ 63(3) ಹೇಳುತ್ತದೆ. ಡಿವಿಡೆಂಡ್ ಕೊಡದ ವರ್ಷದಲ್ಲಿ ಬೋನಸ್ ಕೊಡುವುದು ತಪ್ಪಲ್ಲ. ಘೋಷಿಸಿದ ಡಿವಿಡೆಂಡನ್ನು ನಗದಿನಲ್ಲಿ ಕೊಡುವುದು ಬಿಟ್ಟು ಷೇರಿನಲ್ಲಿ ತೀರಿಸುವುದು ತಪ್ಪು. ಆಡಳಿತ ಮಂಡಳಿಯ ನಡಾವಳಿಯಲ್ಲಾಗಲಿ ಷೇರುದಾರರಿಗೆ ಕಳಿಸುವ ನೋಟಿಸಿನಲ್ಲಾಗಲಿ ಆ ಪದಗಳು ಸುಳಿಯದಿರಲಿ. ಯಾವ ಖಾತೆಯಿಂದ ಎಷ್ಟು ಮೊತ್ತವನ್ನು ಬಂಡವಾಳ ಮಾಡಿಕೊಳ್ಳಲಾಗುತ್ತಿದೆ ಎಂಬುದನ್ನು ನಿರ್ಣಯದಲ್ಲಿಯೇ ಬರೆಸಿ.

ಮಂಡಳಿಯ ಸಭೆ ಕರೆಯುವ ಮೊದಲು ಬ್ಯಾಂಕಿನ ಉತ್ತರ ಲಿಖಿತವಾಗಿ ಕೈಯಲ್ಲಿರಲಿ. ಬೋನಸ್ ಷೇರಿಗೆ ಶಿಫಾರಸು ಮಾಡಿದ ಮಂಡಳಿಯ ತೀರ್ಮಾನವನ್ನು ಒಮ್ಮೆ ಪ್ರಕಟಿಸಿದರೆ ಕಂಪನಿ ಅದನ್ನು ಹಿಂತೆಗೆದುಕೊಳ್ಳುವಂತಿಲ್ಲ ಎಂದು 2014ರ ಷೇರು ಬಂಡವಾಳ ನಿಯಮಗಳ 14ನೇ ನಿಯಮ ಹೇಳುತ್ತದೆ. ಬ್ಯಾಂಕಿಗೆ ಬೇಕಿದ್ದದ್ದು ಹೊಸ ಹಣ ಎಂದು ಆಮೇಲೆ ಗೊತ್ತಾದರೂ ನೀವು ಬೋನಸ್ ಕೊಟ್ಟೇ ತೀರಬೇಕಾಗುತ್ತದೆ.