ಬ್ಲೂಮ್ ಫಿಲ್ಟರ್ ಸುಳ್ಳು ಹೇಳಿದ್ರೆ?

ಪ್ರಶ್ನೆ: ಇಂಟರ್‌ವ್ಯೂನಲ್ಲಿ ಮಡಿಕೇರಿ ಹೋಂಸ್ಟೇ ಬುಕಿಂಗ್ ಆ್ಯಪ್ ಡಿಸೈನ್ ಮಾಡಿ ಅಂದ್ರು, ಕೂಪನ್ ಚೆಕ್‌ಗೆ ಬ್ಲೂಮ್ ಫಿಲ್ಟರ್ ಅಂದೆ, ತಪ್ಪಾಗಿ 'ಇದೆ' ಅಂದ್ರೆ ಅಂತ ಕೇಳಿದ್ರು. ಏನ್ ಹೇಳ್ಬೇಕು?

ಉತ್ತರ: ಬ್ಲೂಮ್ ಫಿಲ್ಟರ್ ಅಂದ್ರೆ ಒಂದು ಬಿಟ್ ಪಟ್ಟಿ, ಪ್ರತಿ ಕೋಡ್‌ಗೂ ಹ್ಯಾಶ್‌ಗಳು ತೋರಿಸೋ ಬಿಟ್‌ಗಳನ್ನ 1 ಮಾಡಿಟ್ಟು, ಆಮೇಲೆ ಅವನ್ನೇ ನೋಡಿ ಕೋಡ್ ಇದೆಯಾ ಇಲ್ವಾ ಅನ್ನತ್ತೆ. ಅದು 'ಇಲ್ಲ' ಅಂದ್ರೆ ಖಂಡಿತ ಇಲ್ಲ, 'ಇದೆ' ಅಂದಾಗ ಮಾತ್ರ ಡೇಟಾಬೇಸ್ ನೋಡ್ಬೇಕು, ಹಾಗಾಗಿ ಸುಳ್ಳಿಗೆ ಬೀಳೋ ಖರ್ಚು ಒಂದು ಎಕ್ಸ್‌ಟ್ರಾ ಕ್ವೆರಿ ಅಷ್ಟೆ. 1 ಕೋಟಿ ಕೂಪನ್‌ಗೆ ತಲಾ 10 ಬಿಟ್, 7 ಹ್ಯಾಶ್ ಇಟ್ರೆ 12.5 ಎಂಬಿ ಸಾಕು, ಇಲ್ಲದ ಕೋಡ್ 100 ಹಾಕಿದ್ರೆ ಸುಮಾರು 1 ಮಾತ್ರ 'ಇದೆ' ಅಂತ ಬರತ್ತೆ.

ಅವ್ರು ನಿಜವಾಗ್ಲೂ ಕಾಯೋದು ಇದಕ್ಕೆ: ದಸರಾ ಹೊತ್ಗೆ ಕೂಪನ್ 2 ಕೋಟಿ ಆಯ್ತು, ಫಿಲ್ಟರ್ ಅಷ್ಟೇ ಇದೆ, ಆಗ ಬಿಟ್‌ಗಳು 1 ಆಗ್ತಾ ಹೋಗಿ ಸುಳ್ಳು 100ಕ್ಕೆ 14ರ ಹತ್ರ ಹೋಗತ್ತೆ, ದೊಡ್ಡದು ಹೊಸದಾಗಿ ಕಟ್ಬೇಕು. ಮುಗಿದ ಕೂಪನ್ ತೆಗೆಯೋಕೂ ಆಗಲ್ಲ, ಅದೇ ಬಿಟ್ ಇನ್ನೊಂದು ಕೋಡಿಂದೂ ಆಗಿರ್ಬಹುದಲ್ಲ, ಡಿಲೀಟ್ ಬೇಕೇ ಬೇಕು ಅಂದ್ರೆ ಕುಕೂ ಫಿಲ್ಟರ್ ಅನ್ನಿ.